ಗ್ರೂಪ್ ಚಾಟ್‌ನ ಸ್ಕ್ರೀನ್‌ಶಾಟ್‌ಗಳಿಂದ ನಿವಾಸಿಗಳಿಗೆ ಸೂಚನಾಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಬೇಸಿಗೆ ಕಾಲಿಟ್ಟು, ತುಂಗಭದ್ರಾ ಕಾಲುವೆಯ ನೀರು ನಿಲ್ಲುವ ದಿನ ಹತ್ತಿರವಾದಂತೆ, ಅಲ್ಲೀಪುರ ಕೆರೆಯ ಸಂಗ್ರಹವನ್ನು ನಂಬಿಕೊಂಡ ಬಡಾವಣೆಗಳಲ್ಲಿ ನಲ್ಲಿ ಬರುವ ದಿನಗಳ ನಡುವಿನ ಅಂತರ ಹಿಗ್ಗುತ್ತದೆ, ಅದರೊಂದಿಗೆ ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾತೂ ಹಿಗ್ಗುತ್ತದೆ. 2025ರ ಮಾರ್ಚ್ 24ರಿಂದ ಏಪ್ರಿಲ್ 2ರವರೆಗೆ, 48 ಮನೆಗಳ ನಮ್ಮ ಕಟ್ಟಡದ ಗುಂಪಿನಲ್ಲಿ ನಡೆದ ಇಂತಹ ಚರ್ಚೆಯಿಂದ ಒಂದು ಪುಟದ ಸೂಚನಾಪತ್ರ ಬರೆಯುವ ಕೆಲಸ ನನಗೆ ಬಂದಿತ್ತು. ಫೋನ್ ಬದಲಾಯಿಸಿದಾಗ ಹಳೆಯ ಸಂದೇಶಗಳು ನನ್ನಲ್ಲಿ ಉಳಿದಿರಲಿಲ್ಲವಾದ್ದರಿಂದ, ನೆರೆಯ ಇಬ್ಬರು ಕಳಿಸಿದ 57 ಸ್ಕ್ರೀನ್‌ಶಾಟ್‌ಗಳೇ ಆಧಾರವಾದವು. ಆಮೇಲೆ ಬೇರೆ ಕಟ್ಟಡಗಳವರು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಪ್ರಶ್ನೆ: ಎಲ್ಲರೂ ಗುಂಪಿನಲ್ಲೇ ಇರುವಾಗ ಪ್ರತ್ಯೇಕ ಸೂಚನಾಪತ್ರ ಏಕೆ ಬೇಕು?

ಎಲ್ಲರೂ ಇರುವುದಿಲ್ಲ. ನಮ್ಮದು ಮಾಲೀಕರ ಗುಂಪು. ಬಾಡಿಗೆಯವರು ಅದರಲ್ಲಿಲ್ಲ, ಆದರೆ ಸಂಪ್ ತೊಳೆಯುವ ದಿನ ನೀರಿಲ್ಲದೆ ಕೂರುವವರಲ್ಲಿ ಅವರೂ ಇದ್ದಾರೆ. ಗುಂಪಿನಲ್ಲಿದ್ದವರಲ್ಲೂ ಅನೇಕರು ಯುಗಾದಿಯ ದಿನ ಶುಭಾಶಯಗಳ ಮಳೆ ಶುರುವಾದ ಮೇಲೆ ಓದುವುದನ್ನು ಬಿಟ್ಟಿದ್ದರು. 57 ಸ್ಕ್ರೀನ್‌ಶಾಟ್‌ಗಳಲ್ಲಿ 11 ಬರೀ ಬೇವು ಬೆಲ್ಲದ ಚಿತ್ರಗಳೇ ಆಗಿದ್ದವು, ಮತ್ತು ಒಂದು ಮುಖ್ಯ ಸಂದೇಶ ಅವುಗಳ ನಡುವೆಯೇ ಸಿಕ್ಕಿಕೊಂಡಿತ್ತು.

ಪ್ರಶ್ನೆ: ಸ್ಕ್ರೀನ್‌ಶಾಟ್‌ಗಳನ್ನು ಯಾವ ರೀತಿಯಲ್ಲಿ ಕಳಿಸಲು ಹೇಳಬೇಕು?

ಗುಂಪಿನಲ್ಲಿರುವ ಯಾರಾದರೂ `Export chat` ಬಳಸಿ ಇಡೀ ಮಾತುಕತೆಯನ್ನು ಪಠ್ಯದ ಕಡತವಾಗಿ ಕಳಿಸಲು ಒಪ್ಪಿದರೆ ಅದೇ ಉತ್ತಮ, ಏಕೆಂದರೆ ಅದರಲ್ಲಿ ಪ್ರತಿ ಸಂದೇಶದ ಮುಂದೆ ತಾರೀಖು ಮತ್ತು ಸಮಯ ಇರುತ್ತದೆ. ಆದರೆ ವರ್ಷಗಳ ಮಾತೆಲ್ಲ ಅದರಲ್ಲಿ ಬರುವುದರಿಂದ ಹೆಚ್ಚಿನವರು ಹಿಂಜರಿಯುತ್ತಾರೆ, ಆ ಹಿಂಜರಿಕೆಯೂ ನ್ಯಾಯವಾದದ್ದೇ.

ಸ್ಕ್ರೀನ್‌ಶಾಟ್‌ಗಳೇ ಆದರೆ ಎರಡು ಮಾತು ಹೇಳಿ. ಮೊದಲನೆಯದಾಗಿ, ಪ್ರತಿ ಚಿತ್ರದ ಕೊನೆಯ ಒಂದೆರಡು ಸಂದೇಶಗಳು ಮುಂದಿನ ಚಿತ್ರದ ಮೇಲ್ಭಾಗದಲ್ಲೂ ಕಾಣುವಂತೆ ತೆಗೆಯಬೇಕು. ಹಾಗೆ ಕೊಂಡಿ ಇಲ್ಲದಿದ್ದರೆ ನಡುವೆ ಏನಾದರೂ ಬಿಟ್ಟುಹೋಗಿದೆಯೇ ಎಂಬುದು ಓದುವವರಿಗೆ ತಿಳಿಯುವುದೇ ಇಲ್ಲ. ಎರಡನೆಯದಾಗಿ, ಅವುಗಳನ್ನು ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಅನೇಕ ಫೋನ್‌ಗಳಲ್ಲಿ ಸ್ಕ್ರೀನ್‌ಶಾಟ್‌ನ ಹೆಸರಿನಲ್ಲೇ ಅದನ್ನು ತೆಗೆದ ದಿನ ಮತ್ತು ಸಮಯ ಇರುತ್ತದೆ:

```
Screenshot_20250329-101542.png
```

ಫೋಟೋ ಆಗಿ ಕಳಿಸಿದರೆ ಆ ಹೆಸರು ಅಳಿದು, `IMG-20250402-WA0012.jpg` ಎಂಬಂತಹ ಹೊಸ ಹೆಸರು ಬರುತ್ತದೆ. ಅದರಲ್ಲಿರುವುದು ಚಿತ್ರ ರವಾನೆಯಾದ ದಿನವೇ ಹೊರತು ತೆಗೆದ ದಿನವಲ್ಲ. ಇದು ಅಷ್ಟು ಮುಖ್ಯವೇ ಎನಿಸಬಹುದು. ಮುಂದಿನ ಉತ್ತರ ಇಡೀ ಇದರ ಮೇಲೆಯೇ ನಿಂತಿದೆ.

ಪ್ರಶ್ನೆ: ಚಿತ್ರದ ಮೇಲೆ `Today` ಎಂದಿದ್ದರೆ ತಾರೀಖು ಯಾವುದೆಂದು ಬರೆಯಬೇಕು?

ಆ `Today` ಸ್ಕ್ರೀನ್‌ಶಾಟ್ ತೆಗೆದ ದಿನಕ್ಕೆ ಸೇರಿದ್ದು, ನೀವು ಓದುತ್ತಿರುವ ದಿನಕ್ಕೆ ಅಲ್ಲ. `Yesterday` ಎಂದರೆ ತೆಗೆದ ದಿನದ ಹಿಂದಿನ ದಿನ. ಬರೀ `Monday`, `Friday` ಎಂದು ವಾರದ ಹೆಸರಿದ್ದರೆ ತೆಗೆದ ದಿನಕ್ಕೆ ಹಿಂದಿನ ಒಂದು ವಾರದೊಳಗಿನ ಆ ವಾರ. ಅದಕ್ಕಿಂತ ಹಳೆಯದಾದರೆ ಮಾತ್ರ ಪೂರ್ತಿ ತಾರೀಖು ಕಾಣುತ್ತದೆ.

ನಮ್ಮ ಪ್ರಕರಣದಲ್ಲಿ "ಇವತ್ತಿಂದ ದಿನಕ್ಕ ಎರಡು ಟ್ಯಾಂಕರ್ ಹೇಳೇವ್ರಿ" ಎಂಬ ಒಂದೇ ಸಂದೇಶ ಇಬ್ಬರು ಕಳಿಸಿದ ಚಿತ್ರಗಳಲ್ಲೂ ಇತ್ತು. ಒಬ್ಬರ ಚಿತ್ರದಲ್ಲಿ ಅದರ ಮೇಲೆ `Today` ಎಂದಿತ್ತು, ಇನ್ನೊಬ್ಬರದರಲ್ಲಿ `Yesterday` ಎಂದಿತ್ತು. ಬೇರೆ ಬೇರೆ ದಿನ ಎರಡು ಸಲ ಹಾಗೆ ಬರೆದಿದ್ದಾರೆಂದೇ ನಾನು ಮೊದಲು ತಿಳಿದೆ. ಕಡತದ ಹೆಸರು ನೋಡಿದಾಗ ಮೊದಲನೆಯದು ಮಾರ್ಚ್ 28ರಂದು, ಎರಡನೆಯದು 29ರ ಬೆಳಿಗ್ಗೆ ತೆಗೆದದ್ದೆಂದು ತಿಳಿಯಿತು; ಅಲ್ಲಿಗೆ ಎರಡೂ ಸೇರಿ ಮಾರ್ಚ್ 28 ಎಂಬ ಒಂದೇ ಉತ್ತರಕ್ಕೆ ಬಂದವು. ಟ್ಯಾಂಕರ್‌ನ ಲೆಕ್ಕ ಯಾವ ದಿನದಿಂದ ಆರಂಭ ಎಂಬುದು ಈ ಒಂದು ಸಾಲಿನ ಮೇಲೆ ನಿಂತಿತ್ತು.

ಸಂದೇಶದ ಒಳಗಿನ ದಿನದ ಮಾತುಗಳಿಗೂ ಇದೇ ಎಚ್ಚರ ಬೇಕು. ರಾತ್ರಿ 12 ದಾಟಿದ ಮೇಲೆ ಯಾರಾದರೂ "ನಾಳೆ" ಎಂದು ಬರೆದರೆ, ಇನ್ನೂ ಮಲಗದ ಅವರ ಮನಸ್ಸಿನಲ್ಲಿರುವ ನಾಳೆ ಬೆಳಗಾದರೆ ಬರುವ ದಿನವೇ ಇರಬಹುದು. ನಮ್ಮ ಊರಿನ ಗುಂಪುಗಳಲ್ಲಿ ಕನ್ನಡದ ಜೊತೆ ತೆಲುಗೂ ಉರ್ದುವೂ ಬೆರೆತಿರುವುದರಿಂದ ಇನ್ನೊಂದು ತೊಡಕಿದೆ. "ಕಲ್" ಎಂಬ ಪದಕ್ಕೆ ನಿನ್ನೆ, ನಾಳೆ ಎರಡೂ ಅರ್ಥಗಳಿವೆ; ಕ್ರಿಯಾಪದವಿಲ್ಲದೆ "ಕಲ್ ಮೋಟಾರ್ ವಾಲಾ" ಎಂದಷ್ಟೇ ಬರೆದರೆ ಆತ ಬಂದು ಹೋದನೋ ಬರಲಿದ್ದಾನೋ ಗೊತ್ತಾಗುವುದಿಲ್ಲ. ಇಂತಹ ಕಡೆ ಊಹಿಸದೆ, ಬರೆದವರಿಗೆ ಒಂದು ಫೋನ್ ಮಾಡುವುದೇ ದಾರಿ.

ಪ್ರಶ್ನೆ: ಸ್ಕ್ರೀನ್‌ಶಾಟ್‌ನಲ್ಲಿ ಕಾಣದೆ ಉಳಿಯುವುದು ಏನೇನು?

ಧ್ವನಿ ಸಂದೇಶದಲ್ಲಿ ಏನು ಹೇಳಿದ್ದಾರೆಂಬುದು ಕಾಣುವುದಿಲ್ಲ. ಉದ್ದ ಸಂದೇಶಗಳು `Read more` ಎಂಬಲ್ಲಿಗೆ ನಿಲ್ಲುತ್ತವೆ, ಮತ್ತು ನನ್ನ ಅನುಭವದಲ್ಲಿ ಷರತ್ತುಗಳು ಅದರ ಕೆಳಗೇ ಇರುತ್ತವೆ. `This message was deleted` ಎಂದಿದ್ದಲ್ಲಿ ಏನಿತ್ತೆಂದು ಉತ್ತರಗಳಿಂದ ಊಹಿಸಲು ಹೋಗಬಾರದು. `Edited` ಎಂದಿರುವ ಸಂದೇಶವನ್ನು ಕಳಿಸಿದ ಕಾಲು ಗಂಟೆಯೊಳಗೆ ತಿದ್ದಿರುತ್ತಾರೆ, ಹಾಗಾಗಿ ಅದರ ಕೆಳಗಿನ ಮೊದಲ ಕೆಲವು "ಹೌದ್ರಿ"ಗಳು ಹಳೆಯ ಮಾತಿಗೆ ಕೊಟ್ಟವೂ ಆಗಿರಬಹುದು.

ಬಲಬದಿಯಲ್ಲಿ ಹೆಸರಿಲ್ಲದೆ ಕಾಣುವ ಸಂದೇಶಗಳು ಸ್ಕ್ರೀನ್‌ಶಾಟ್ ತೆಗೆದವರದೇ ಎಂಬುದನ್ನು ಹೊಸಬರು ಮರೆಯುತ್ತಾರೆ. ಉಳಿದವರ ಹೆಸರುಗಳೂ ಆ ಫೋನಿನಲ್ಲಿ ಉಳಿಸಿಕೊಂಡಂತೆ ಬರುತ್ತವೆ: ಒಬ್ಬರ ಚಿತ್ರದಲ್ಲಿ "302 ಮೇಡಂ" ಎಂದಿದ್ದವರೇ ಇನ್ನೊಬ್ಬರದರಲ್ಲಿ "ಅಕ್ಕ" ಆಗಿದ್ದರು. ಆದ್ದರಿಂದ ನಾನು ಮೊದಲು ಒಂದು ಹಾಳೆಯಲ್ಲಿ ಹೆಸರುಗಳನ್ನು ಮನೆ ನಂಬರಿಗೆ ಹೊಂದಿಸಿಕೊಂಡು, ಅಲ್ಲಿಂದ ಮುಂದೆ ಮನೆ ನಂಬರನ್ನಷ್ಟೇ ಬಳಸಿದೆ.

ಪ್ರಶ್ನೆ: "ಆಯ್ತ್ರಿ" ಎಂದು ಹತ್ತು ಜನ ಹೇಳಿದರೆ ಅದು ತೀರ್ಮಾನವಲ್ಲವೇ?

ಈ ಕೆಲಸದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. "ಆಯ್ತ್ರಿ" ಎಂಬುದು ಅನೇಕ ಸಲ "ಓದಿದೆ" ಎಂಬುದಕ್ಕಷ್ಟೇ ಸಮ. "ನೋಡೋಣ್ರಿ" ಎಂಬುದು ನಮ್ಮ ಕಡೆ ಬಹುಪಾಲು ಮರ್ಯಾದೆಯ ನಿರಾಕರಣೆ, ತೆಲುಗಿನ "ಚೂದ್ದಾಂ" ಕೂಡ ಹಾಗೆಯೇ. ಕೈ ಮುಗಿಯುವ ಚಿಹ್ನೆಗೆ ಒಪ್ಪಿಗೆ, ವಂದನೆ, "ಈ ಮಾತು ಸಾಕು" ಎಂಬ ಮೂರೂ ಅರ್ಥಗಳು ಉಂಟು. ಮೌನವಂತೂ ಸಮ್ಮತಿಯಲ್ಲ, ಹೊಲದ ಕೆಲಸಕ್ಕೆ ಸಿರುಗುಪ್ಪಕ್ಕೆ ಹೋಗಿದ್ದವರು ವಾರ ಬಿಟ್ಟು ಫೋನ್ ನೋಡಿದ ಉದಾಹರಣೆ ನಮ್ಮಲ್ಲೇ ಇದೆ.

ಒಂದು ಮಾತನ್ನು ತೀರ್ಮಾನದ ಪಟ್ಟಿಗೆ ಹಾಕುವ ಮೊದಲು ನಾನು ಹೀಗೆ ನೋಡುತ್ತೇನೆ: ಏನು ಮಾಡುವುದೆಂದು ಒಬ್ಬರು ಸ್ಪಷ್ಟವಾಗಿ ಹೇಳಿದ್ದಾರೆಯೇ, ಅದನ್ನು ನಿರ್ಧರಿಸುವ ಅಧಿಕಾರ ಅವರಿಗೆ ಇದೆಯೇ, ಮತ್ತು ಅದಕ್ಕೆ ಬಂದ ಆಕ್ಷೇಪಕ್ಕೆ ಉತ್ತರ ಸಿಕ್ಕಿದೆಯೇ. ದಿನಕ್ಕೆ ಎರಡು ಟ್ಯಾಂಕರ್ ತರಿಸುವುದು ಸಮಿತಿಯ ದಿನನಿತ್ಯದ ಅಧಿಕಾರದೊಳಗಿನ ಕೆಲಸ. ಕಾರ್ಯದರ್ಶಿಯವರು ಬರೆದರು, ಟ್ಯಾಂಕರ್ ಬಂದಿತು, ಆದ್ದರಿಂದ ಅದು ತೀರ್ಮಾನ. ಆದರೆ ಆ ಹಣವನ್ನು ಮನೆಗಳ ಮೇಲೆ ಹೇಗೆ ಹಂಚಬೇಕೆಂಬುದನ್ನು ಗುಂಪಿನ ಮಾತುಕತೆ ನಿರ್ಧರಿಸಲಾರದು. ಗುಂಪಿನಲ್ಲಿ ಎಷ್ಟೇ ಜನ ಒಪ್ಪಿದರೂ ಅದು ಸಂಘದ ಸಭೆಯ ಠರಾವಿಗೆ ಸಮವಾಗುವುದಿಲ್ಲ. ಅದಕ್ಕೆ ಬೈಲಾ ಹೇಳುವ ನೋಟಿಸು, ಕೋರಂ ಎಲ್ಲವೂ ಬೇಕಾಗುತ್ತದೆ.

ಪ್ರಶ್ನೆ: ಗುಂಪಿನಲ್ಲಿ ಪೋಲ್ ನಡೆದು ಬಹುಮತ ಬಂದಿದ್ದರೆ?

ನಮ್ಮಲ್ಲಿ ನಡೆದದ್ದು ಇದೇ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಟ್ಯಾಂಕರ್‌ಗೆ ₹700, ದಿನಕ್ಕೆ ಎರಡು, ಏಪ್ರಿಲ್‌ನ 30 ದಿನಕ್ಕೆ ₹42,000. ಇದನ್ನು 48 ಮನೆಗಳಿಗೂ ಸಮನಾಗಿ ಹಂಚಿದರೆ ತಲಾ ₹875. ಬೀಗ ಹಾಕಿರುವ 6 ಮನೆಗಳನ್ನು ಬಿಟ್ಟು, ವಾಸವಿರುವ 42 ಮನೆಗಳಿಗೆ ಮಾತ್ರ ಹಂಚಿದರೆ ತಲಾ ₹1,000. ಚರ್ಚೆಯಲ್ಲಿ ಎರಡೂ ಅಂಕಿಗಳು ಓಡಾಡಿದ್ದವು; ಮೊದಲು ಓದಿದವರು 875 ಎಂದು ತೀರ್ಮಾನವಾಯಿತೆಂದೂ, ಕೊನೆಯಲ್ಲಿ ಓದಿದವರು 1,000 ಎಂದೂ ನಂಬಿಕೊಂಡಿದ್ದರು. ಇಬ್ಬರು ಆಗಲೇ ಹಣ ಕಟ್ಟಿಯೂ ಇದ್ದರು, ಬೇರೆ ಬೇರೆ ಮೊತ್ತ.

ಪೋಲ್‌ನಲ್ಲಿ 31 ಮತಗಳು ಬಿದ್ದಿದ್ದವು: "ಎಲ್ಲ ಮನೆಗೂ ಸಮ" ಎಂಬುದಕ್ಕೆ 17, "ವಾಸವಿರುವ ಮನೆಗೆ ಮಾತ್ರ" ಎಂಬುದಕ್ಕೆ 14. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವುದು ಇಷ್ಟೇ, ಮತ್ತು ಇದನ್ನು ನೋಡಿ "ಬಹುಮತ" ಎಂದು ಬರೆದುಬಿಡುವುದು ಸುಲಭ. ಆದರೆ ಪೋಲ್ ಎಣಿಸುವುದು ಫೋನ್ ನಂಬರುಗಳನ್ನೇ ಹೊರತು ಮನೆಗಳನ್ನಲ್ಲ. `View votes` ಒತ್ತಿದಾಗ ತೆರೆಯುವ ಪಟ್ಟಿಯ ಚಿತ್ರವನ್ನೂ ತರಿಸಿಕೊಂಡು ಮನೆ ನಂಬರಿಗೆ ಹೊಂದಿಸಿದಾಗ, 31 ಮತ ಹಾಕಿದವರು 28 ಮನೆಗಳವರು ಎಂದು ತಿಳಿಯಿತು. ಎರಡು ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ "ಎಲ್ಲರಿಗೂ ಸಮ" ಎಂದಿದ್ದರು. ಇನ್ನೊಂದು ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ವಿರುದ್ಧವಾಗಿ ಒತ್ತಿದ್ದರು, ಅದರ ಗುಟ್ಟು ಅವರ ಮನೆಯೊಳಗೇ ಇರಲಿ. ಮನೆಗೆ ಒಂದು ಮತ ಎಂದು ಎಣಿಸಿದರೆ 14ಕ್ಕೆ 13, ಒಂದು ಮನೆ ಎರಡೂ ಕಡೆ, 20 ಮನೆಗಳು ಮತವನ್ನೇ ಹಾಕಿಲ್ಲ. 48 ಮನೆಗಳ ಕಟ್ಟಡದಲ್ಲಿ 14 ಮನೆಗಳ ಒಲವನ್ನು ಬಹುಮತವೆನ್ನಲಾಗದು. ಅಲ್ಲದೆ ಪೋಲ್‌ನ ಮತವನ್ನು ಹಾಕಿದವರು ಆಮೇಲೆ ಬದಲಿಸಬಹುದಾದ್ದರಿಂದ, ಚಿತ್ರ ತೆಗೆದ ಗಳಿಗೆಯ ಅಂಕಿಯೇ ಕೊನೆಯ ಅಂಕಿ ಎಂದೂ ಹೇಳಲಾಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅಡಿಯಲ್ಲಿ ಬರುವ ಕಟ್ಟಡಗಳಲ್ಲಿ ಸಾಮಾನ್ಯ ಖರ್ಚನ್ನು ಪ್ರತಿ ಮಾಲೀಕರ ಅವಿಭಜಿತ ಪಾಲಿನ ಪ್ರಮಾಣದಲ್ಲಿ ಹಂಚಬೇಕೆಂದಿದೆ. ಅಂದರೆ ಮೂರು ಕೋಣೆಯ ಮನೆಗೆ ಹೆಚ್ಚು, ಒಂದು ಕೋಣೆಯ ಮನೆಗೆ ಕಡಿಮೆ. ಪೋಲ್‌ನಲ್ಲಿ ಈ ಮೂರನೆಯ ಆಯ್ಕೆಯೇ ಇರಲಿಲ್ಲ. ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘಗಳಲ್ಲಾದರೆ ಅವುಗಳ ಬೈಲಾ ನೋಡಬೇಕು. ಸೂಚನಾಪತ್ರ ಬರೆಯುವವರು ಇದರಲ್ಲಿ ತೀರ್ಪು ಕೊಡಬೇಕಿಲ್ಲ, ಆದರೆ ಪೋಲ್‌ನ ಎರಡು ಆಯ್ಕೆಗಳೇ ಇಡೀ ಪ್ರಶ್ನೆ ಎಂಬಂತೆ ಬರೆಯಲೂಬಾರದು.

ಪ್ರಶ್ನೆ: ಒಂದೇ ವಿಷಯಕ್ಕೆ ಎರಡು ತೀರ್ಮಾನಗಳು ಕಂಡರೆ?

ಆ ವಿಷಯದ ಕೊನೆಯ ಸಂದೇಶದವರೆಗೂ ಹಿಂಬಾಲಿಸಬೇಕು. ಮಾರ್ಚ್ 27ರಂದು "ಈ ಭಾನುವಾರ ಸಂಪ್ ತೊಳಸೋಣ್ರಿ" ಎಂದು ಬರೆದು ಏಳೆಂಟು ಜನ ಒಪ್ಪಿದ್ದರು. ಆ ಭಾನುವಾರ 30ನೇ ತಾರೀಖು, ಯುಗಾದಿ. "ಹಬ್ಬದ ದಿನ ನೀರ್ ಬಂದ್ ಮಾಡಿದ್ರ ಹೆಂಗ್ರಿ, ಮುಂದಿನ ಭಾನುವಾರ ಮಾಡ್ರಿ" ಎಂದು 302ರವರು ಬರೆದದ್ದೂ, "ಸರಿ, ಮುಂದಿನ ವಾರನ" ಎಂದು ಕಾರ್ಯದರ್ಶಿಯವರು ಉತ್ತರಿಸಿದ್ದೂ ನಾನು ಮೊದಲೇ ಹೇಳಿದ ಶುಭಾಶಯಗಳ ರಾಶಿಯಲ್ಲಿ ಹೂತುಹೋಗಿದ್ದವು. ಸೂಚನೆಯಲ್ಲಿ "ಮುಂದಿನ ಭಾನುವಾರ" ಎಂದು ನಕಲು ಮಾಡದೆ, "ಏಪ್ರಿಲ್ 6, ಭಾನುವಾರ" ಎಂದು ವಾರ ಮತ್ತು ತಾರೀಖು ಎರಡನ್ನೂ ಬರೆಯಬೇಕು. ಒಂದು ತಪ್ಪಿದರೆ ಇನ್ನೊಂದು ಅದನ್ನು ಬಯಲು ಮಾಡುತ್ತದೆ.

ಪ್ರಶ್ನೆ: ತೀರ್ಮಾನವಾಗದ ವಿಷಯಗಳನ್ನು ಹೇಗೆ ಬರೆಯಬೇಕು?

ಅವನ್ನು ನಿಜವಾದ ಪ್ರಶ್ನೆಯ ರೂಪದಲ್ಲೇ ಬರೆಯಬೇಕು, ಮತ್ತು ಉತ್ತರ ಯಾರಿಂದ, ಎಂದು ಬರಬೇಕು ಎಂಬುದನ್ನು ಪಕ್ಕದಲ್ಲೇ ಹೇಳಬೇಕು. "ಬೋರ್‌ವೆಲ್ ಮೋಟಾರ್ ಬಗ್ಗೆ ಚರ್ಚೆ ನಡೆಯುತ್ತಿದೆ" ಎಂಬ ವಾಕ್ಯದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಸುಟ್ಟ ಮೋಟಾರನ್ನು ರಿವೈಂಡಿಂಗ್ ಮಾಡಿಸುವುದೋ ಹೊಸದನ್ನು ಇಳಿಸುವುದೋ ಎಂಬುದೇ ಅಲ್ಲಿನ ಪ್ರಶ್ನೆ, ಮತ್ತು ಅದು ನಿಂತಿದ್ದದ್ದು ಒಂದು ಕೊಟೇಶನ್‌ಗಾಗಿ. ಕೊಟೇಶನ್ ತರುತ್ತೇನೆಂದು ಒಪ್ಪಿಕೊಂಡವರು ಯಾರೆಂದು ಚಿತ್ರಗಳಲ್ಲಿ ಹುಡುಕಿದರೆ ಯಾರೂ ಇರಲಿಲ್ಲ. ಎಲ್ಲರೂ "ತರಿಸ್ರಿ" ಎಂದಿದ್ದರು. ಸೂಚನೆ ಅಂಟಿಸುವ ಮೊದಲು ಖಜಾಂಚಿಯವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಅವರ ಮನೆ ನಂಬರು ಹಾಕಿದೆ.

ಪ್ರಶ್ನೆ: ಯಾರು ಏನು ಹೇಳಿದರೆಂದು ಬರೆಯಬಹುದೇ? ಸ್ಕ್ರೀನ್‌ಶಾಟ್‌ಗಳನ್ನೂ ಅಂಟಿಸಬಹುದೇ?

ಬೇಡ. ಕೆಲಸ ವಹಿಸಿಕೊಂಡವರ ಮನೆ ನಂಬರು ಸಾಕು. ಯಾರು ವಿರೋಧಿಸಿದರು, ಯಾರ ಮೇಂಟೆನೆನ್ಸ್ ಬಾಕಿ ಇದೆ ಎಂಬುದಕ್ಕೆ ಲಿಫ್ಟ್ ಪಕ್ಕದ ಬೋರ್ಡ್‌ನಲ್ಲಿ ಜಾಗವಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಫೋನ್ ನಂಬರುಗಳೂ ಮುಖಗಳೂ ಇರುತ್ತವೆ, ಗ್ಯಾಸ್ ತರುವವರಿಂದ ಹಿಡಿದು ಎಲ್ಲರೂ ಆ ಬೋರ್ಡ್ ಓದುತ್ತಾರೆ.

ಪ್ರಶ್ನೆ: ಕೊನೆಗೆ ಸಿದ್ಧವಾದ ಸೂಚನೆ ಹೇಗಿತ್ತು?

ನಿಂತು ಒಂದು ನಿಮಿಷದಲ್ಲಿ ಓದಿ ಮುಗಿಸುವಷ್ಟು. ನೀರು ನಿಲ್ಲುವ ದಿನವನ್ನು ಮೊದಲು ಇಟ್ಟೆ, ಏಕೆಂದರೆ ಓದುವವರು ತಕ್ಷಣ ಏನಾದರೂ ಮಾಡಬೇಕಾದದ್ದು ಅದೊಂದೇ.

> ನಿವಾಸಿಗಳ ಗಮನಕ್ಕೆ (ದಿನಾಂಕ: 3 ಏಪ್ರಿಲ್ 2025, ಗುರುವಾರ)
>
> ಮಾರ್ಚ್ 24ರಿಂದ ಏಪ್ರಿಲ್ 2ರವರೆಗಿನ ಮಾಲೀಕರ ಗುಂಪಿನ ಚರ್ಚೆಯ ಆಧಾರದ ಮೇಲೆ.
>
> ತೀರ್ಮಾನವಾದದ್ದು
>
> ಏಪ್ರಿಲ್ 6, ಭಾನುವಾರ ಬೆಳಿಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಸಂಪ್ ಸ್ವಚ್ಛಗೊಳಿಸಲಾಗುವುದು. ಆ ವೇಳೆಯಲ್ಲಿ ನೀರು ಇರುವುದಿಲ್ಲ. ದಯವಿಟ್ಟು ಶನಿವಾರ ರಾತ್ರಿಯೇ ನೀರು ತುಂಬಿಟ್ಟುಕೊಳ್ಳಿ. ಈ ಮೊದಲು ಹೇಳಿದ್ದ ಮಾರ್ಚ್ 30ರ ದಿನಾಂಕ ರದ್ದಾಗಿದೆ.
>
> ಮಾರ್ಚ್ 28ರಿಂದ ದಿನಕ್ಕೆ ಎರಡು ಟ್ಯಾಂಕರ್ ನೀರು ತರಿಸಲಾಗುತ್ತಿದೆ. ಒಂದಕ್ಕೆ ₹700.
>
> ಇನ್ನೂ ತೀರ್ಮಾನವಾಗದದ್ದು
>
> ಟ್ಯಾಂಕರ್ ಖರ್ಚನ್ನು ಮನೆಗಳಿಗೆ ಹೇಗೆ ಹಂಚಬೇಕು? ₹875, ₹1,000 ಯಾವುದೂ ಅಂತಿಮವಲ್ಲ. ಏಪ್ರಿಲ್ 13, ಭಾನುವಾರದ ಸಭೆಯಲ್ಲಿ ನಿರ್ಧಾರ. ಅಲ್ಲಿಯವರೆಗೆ ಯಾರೂ ಹಣ ಕಟ್ಟಬೇಕಾಗಿಲ್ಲ.
>
> ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡಿಸುವುದೇ, ಹೊಸದನ್ನು ಕೊಳ್ಳುವುದೇ? ಎರಡರ ಕೊಟೇಶನ್‌ಗಳನ್ನು ಖಜಾಂಚಿಯವರು (ಮನೆ 104) ಏಪ್ರಿಲ್ 10ರೊಳಗೆ ತರಲಿದ್ದಾರೆ.
>
> ಇದರಲ್ಲಿ ತಪ್ಪು ಕಂಡರೆ ಏಪ್ರಿಲ್ 4, ಶುಕ್ರವಾರ ಸಂಜೆಯೊಳಗೆ ಕಾರ್ಯದರ್ಶಿಯವರಿಗೆ ತಿಳಿಸಿ.

ಸಂಪ್ ತೊಳೆಯುವ ವೇಳೆ ಯಾವ ಚಿತ್ರದಲ್ಲೂ ಇರಲಿಲ್ಲ. ಕಾರ್ಯದರ್ಶಿಯವರನ್ನು ಕೇಳಿ ಹಾಕಿದ್ದು. ಸಭೆಯ ದಿನವೂ ಅವರೇ ಗೊತ್ತುಮಾಡಿದ್ದು. ನಮ್ಮ ಬೈಲಾ ಏಳು ದಿನದ ನೋಟಿಸು ಕೇಳುವುದರಿಂದ 6ನೇ ತಾರೀಖಿಗೆ ಕರೆಯುವಂತಿರಲಿಲ್ಲ. ಪೋಲ್‌ನ ಅಂಕಿಗಳನ್ನು ಬೇಕೆಂದೇ ಬಿಟ್ಟೆ, ಏಕೆಂದರೆ 17, 14 ಎಂದು ಬೋರ್ಡ್‌ನಲ್ಲಿ ಕಂಡರೆ ಅದರ ಕೆಳಗೆ ಎಷ್ಟು ವಿವರಣೆ ಬರೆದರೂ ಓದುವವರಿಗೆ ಅದು ಫಲಿತಾಂಶವೇ.

ಪ್ರಶ್ನೆ: ಅಂಟಿಸಿದ ಮೇಲೆ ತಪ್ಪು ತಿಳಿದರೆ ಹಾಳೆ ಬದಲಿಸಿದರೆ ಸಾಕೇ?

ಸಾಲದು. ಮೊದಲ ಹಾಳೆಯ ಫೋಟೋ ಅಷ್ಟರಲ್ಲಿ ಫೋನ್‌ಗಳಲ್ಲಿ ಹರಡಿರುತ್ತದೆ, ಆದ್ದರಿಂದ ಹೊಸ ಹಾಳೆಯ ಮೇಲೆ "ತಿದ್ದಿದ ಪ್ರತಿ" ಎಂದೂ ದಿನಾಂಕವನ್ನೂ ಬರೆದು, ಯಾವ ಸಾಲು ಬದಲಾಗಿದೆಯೆಂದು ಹೇಳಬೇಕು. ನಮ್ಮದರಲ್ಲೂ ಒಂದು ತಪ್ಪು ಸಿಕ್ಕಿತು. ಮಾರ್ಚ್ 28ರಿಂದ ದಿನಕ್ಕೆ ಎರಡು ಟ್ಯಾಂಕರ್ ಎಂದು ಬರೆದಿದ್ದೆನಲ್ಲ, ಹಬ್ಬದ ದಿನ ಟ್ಯಾಂಕರ್‌ನವರು ರಜೆ ಮಾಡಿ ಒಂದೂ ಬಂದಿರಲಿಲ್ಲ. ಅದನ್ನು ಗುಂಪಿನಲ್ಲಿ ಯಾರೂ ಬರೆದಿರಲಿಲ್ಲ; ಗೇಟಿನ ರಿಜಿಸ್ಟರ್ ನೋಡಿಕೊಂಡು ಬಂದು ಹೇಳಿದವರು ಗುಂಪಿನಲ್ಲಿಲ್ಲದ ವಾಚ್‌ಮನ್. ಶುಕ್ರವಾರ ಸಂಜೆ "ಮಾರ್ಚ್ 30 ಹೊರತುಪಡಿಸಿ" ಎಂಬ ಮಾತು ಸೇರಿಸಿ, ತಿದ್ದಿದ ಪ್ರತಿಯನ್ನು ಹಳೆಯದರ ಜಾಗದಲ್ಲೇ ಅಂಟಿಸಿದೆವು.